ಪಾಠ ಮುಗಿದಿತ್ತು, ಮಳೆಯ ಕೋಷ್ಟಕ ಓದಲು ಬರುತ್ತಿರಲಿಲ್ಲ: ಒಂಬತ್ತನೇ ತರಗತಿ ಸಮಾಜ ವಿಜ್ಞಾನದ ಪಠ್ಯಕ್ರಮ ಜೋಡಣೆ, ಒಂದು ಪ್ರಕರಣ ಅಧ್ಯಯನ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಒಂದು ಸರ್ಕಾರಿ ಪ್ರೌಢಶಾಲೆ. ಸಮಾಜ ವಿಜ್ಞಾನಕ್ಕೆ ಇಬ್ಬರು ಶಿಕ್ಷಕರು. ಎಂಟು ಮತ್ತು ಒಂಬತ್ತನೇ ತರಗತಿಯನ್ನು ಒಬ್ಬ ಮೇಡಂ ನೋಡಿಕೊಳ್ಳುತ್ತಾರೆ, ಹತ್ತನೇ ತರಗತಿ ಹಿರಿಯ ಸರ್ ಒಬ್ಬರದು. ಆ ವರ್ಷ ದಸರಾ ರಜೆಗೆ ಮುಂಚೆ ನಡೆದ ಮೊದಲ ಸಂಕಲನಾತ್ಮಕ ಪರೀಕ್ಷೆಯಲ್ಲಿ ಒಂಬತ್ತನೇ ತರಗತಿಗೆ ಮೂರು ಅಂಕದ ಒಂದು ಪ್ರಶ್ನೆ ಬಂದಿತ್ತು. ಎರಡು ಊರುಗಳ ತಿಂಗಳವಾರು ಮಳೆಯ ಕೋಷ್ಟಕ ಕೊಟ್ಟು, ಇವೆರಡರಲ್ಲಿ ಯಾವುದು ಮಲೆನಾಡಿನದು, ಹೇಗೆ ಹೇಳುತ್ತೀರಿ ಎಂದು ಕೇಳಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಉಳಿದವರಲ್ಲಿ ಹೆಚ್ಚಿನವರು ಕೋಷ್ಟಕವನ್ನು ಮುಟ್ಟದೆ, ಪಠ್ಯದಲ್ಲಿರುವ ‘ಮಳೆಗಾಲ’ದ ಪ್ಯಾರಾವನ್ನು ತಪ್ಪಿಲ್ಲದೆ ಬರೆದಿದ್ದರು.

ಇದೇ ಮಕ್ಕಳು ‘ಕರ್ನಾಟಕದ ವಾಯುಗುಣದ ಋತುಗಳನ್ನು ವಿವರಿಸಿ’ ಎಂಬ ನಾಲ್ಕು ಅಂಕದ ಪ್ರಶ್ನೆಗೆ ಚೆನ್ನಾಗಿ ಉತ್ತರಿಸಿದ್ದರು. ಬೇಸಿಗೆ, ಮಳೆಗಾಲ, ಮಾನ್ಸೂನ್ ನಿರ್ಗಮನದ ಕಾಲ, ಚಳಿಗಾಲ ಎಲ್ಲವೂ ಕ್ರಮವಾಗಿತ್ತು. ರೂಪಣಾತ್ಮಕ ಮೌಲ್ಯಮಾಪನದ ದಾಖಲೆಯಲ್ಲಿ ‘ನಕ್ಷೆ ಮತ್ತು ಅಂಕಿಅಂಶ ಚಟುವಟಿಕೆ’ ಎಂಬ ಕಾಲಂಗೆ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ಣ ಅಂಕವಿತ್ತು. ಪಾಠಯೋಜನೆಯಲ್ಲಿ, ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ, ಕಲಿಕಾ ಫಲಗಳ ಪಟ್ಟಿಯಲ್ಲಿ ಎಲ್ಲೂ ಕೊರತೆ ಕಾಣುತ್ತಿರಲಿಲ್ಲ. ಕೊರತೆ ಇದ್ದದ್ದು ಮಕ್ಕಳ ಉತ್ತರಪತ್ರಿಕೆಯಲ್ಲಿ ಮಾತ್ರ. ತಾಲ್ಲೂಕಿನ ಸಮಾಲೋಚನಾ ಸಭೆಯಲ್ಲಿ ಮೇಡಂ ಈ ವಿಷಯ ಎತ್ತಿದಾಗ ನಾನೂ ಅಲ್ಲಿದ್ದೆ. ರಜೆಯ ನಂತರ ಅವರ ಶಾಲೆಯಲ್ಲಿ ಮೂವರೂ ಕೂತು ಮಾಡಿದ ಕೆಲಸ, ಅದರಿಂದ ಮುಂದಿನ ಒಂದು ವರ್ಷದಲ್ಲಿ ಆದದ್ದು ಮತ್ತು ಆಗದೇ ಉಳಿದದ್ದು ಈ ಬರಹದಲ್ಲಿದೆ.

ಟಿಕ್ ಗುರುತಿನ ಪಟ್ಟಿ

ಶಾಲೆಯಲ್ಲಿ ಒಂದು ಜೋಡಣೆ ಪಟ್ಟಿ ಮೊದಲೇ ಇತ್ತು. ವರ್ಷದ ಆರಂಭದಲ್ಲಿ ವಾರ್ಷಿಕ ಪಾಠ ಹಂಚಿಕೆಯ ಜತೆಗೆ ಅದನ್ನೂ ಬರೆದಿಟ್ಟಿದ್ದರು. ಎಡಗಡೆ ಪಾಠಗಳ ಹೆಸರು, ಮೇಲ್ಗಡೆ ಸಾಮರ್ಥ್ಯಗಳು, ನಡುವೆ ಟಿಕ್ ಗುರುತು. ‘ಕರ್ನಾಟಕದ ವಾಯುಗುಣ’ದ ಸಾಲಿನಲ್ಲಿ ಎಲ್ಲಾ ಮನೆಗಳಿಗೂ ಟಿಕ್ ಬಿದ್ದಿತ್ತು: ಕಾರಣ ತಿಳಿಯುವುದು, ಹೋಲಿಸುವುದು, ನಕ್ಷೆ ಓದುವುದು, ಅಂಕಿಅಂಶ ಅರ್ಥೈಸುವುದು. ಯಾವ ಟಿಕ್ಕೂ ಸುಳ್ಳಲ್ಲ. ಆ ಪಾಠದಲ್ಲಿ ಇವೆಲ್ಲಕ್ಕೂ ಅವಕಾಶವಿದೆ. ಸಮಾಜ ವಿಜ್ಞಾನದ ಯಾವ ಪಾಠವನ್ನು ತೆಗೆದುಕೊಂಡರೂ ಹಾಗೇ. ವಿಜಯನಗರದ ಪಾಠದಲ್ಲೂ ನಕ್ಷೆ ಇದೆ, ಚುನಾವಣಾ ವ್ಯವಸ್ಥೆಯ ಪಾಠದಲ್ಲೂ ಅಂಕಿಅಂಶಕ್ಕೆ ಜಾಗವಿದೆ. ಪಾಠಕ್ಕೆ ಸಾಮರ್ಥ್ಯ ಹೊಂದಿಸುತ್ತಾ ಹೋದರೆ ಇಡೀ ಪಟ್ಟಿ ತುಂಬಿಬಿಡುತ್ತದೆ. ತುಂಬಿದ ಪಟ್ಟಿಯಲ್ಲಿ ಕೊರತೆ ಹುಡುಕುವುದು ಸಾಧ್ಯವಿಲ್ಲ.

ಅದಕ್ಕೇ ನಾವು ಪಾಠದಿಂದ ಶುರುಮಾಡಲಿಲ್ಲ, ಪ್ರಶ್ನೆಯಿಂದ ಶುರುಮಾಡಿದೆವು. ಜೂನ್‌ನಿಂದ ದಸರಾವರೆಗಿನ ಮೊದಲ ಅವಧಿಯಲ್ಲಿ ಒಂಬತ್ತನೇ ತರಗತಿಯ ಮಗು ನಿಜವಾಗಿ ಎದುರಿಸಿದ ಪ್ರತಿಯೊಂದು ಪ್ರಶ್ನೆಯನ್ನೂ ಒಂದೊಂದು ಸಾಲಿನಲ್ಲಿ ಇಳಿಸಿದೆವು. ಎರಡು ರೂಪಣಾತ್ಮಕ ಪರೀಕ್ಷೆಗಳ ಪ್ರಶ್ನೆ, ಸಂಕಲನಾತ್ಮಕ ಪತ್ರಿಕೆಯ ಪ್ರಶ್ನೆ, ನೋಟ್ಸಿನಲ್ಲಿ ಬರೆಸಿದ ಅಭ್ಯಾಸದ ಪ್ರಶ್ನೆ, ಚಟುವಟಿಕೆಯ ಸೂಚನೆ, ಎಲ್ಲವೂ ಬಂತು. ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯಲಿಲ್ಲ, ಅದಕ್ಕೆ ತಾಳ್ಮೆ ಬೇಕು. ಪ್ರತಿ ಸಾಲಿನ ಮುಂದೆ ಬರೆಯಬೇಕಾದದ್ದು ಒಂದೇ ಮಾತು: ಈ ಪ್ರಶ್ನೆಗೆ ಪೂರ್ಣ ಅಂಕ ಪಡೆಯಲು ಮಗು ಏನು ಮಾಡಬೇಕು?

ಸಾಮರ್ಥ್ಯಗಳ ಪಟ್ಟಿ ಉದ್ದವಾದಷ್ಟೂ ತಕರಾರು ಹೆಚ್ಚು. ರಾಜ್ಯದ ಕಲಿಕಾ ಫಲಗಳ ಪಟ್ಟಿ, 2023ರ ರಾಷ್ಟ್ರೀಯ ಶಾಲಾ ಪಠ್ಯಕ್ರಮ ಚೌಕಟ್ಟಿನ ಸಾಮರ್ಥ್ಯಗಳು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, ತರಗತಿಯಲ್ಲಿ ಕಣ್ಣಿಗೆ ಕಾಣುವ ಆರಕ್ಕೆ ಇಳಿಸಿಕೊಂಡೆವು. ನೆನಪಿನಿಂದ ಹೇಳುವುದು, ಕಾರಣ ಮತ್ತು ಪರಿಣಾಮ ಜೋಡಿಸುವುದು, ಹೋಲಿಸುವುದು, ನಕ್ಷೆ ಓದುವುದು, ಅಂಕಿಅಂಶ ಓದುವುದು, ಆಧಾರ ಕೊಟ್ಟು ಅಭಿಪ್ರಾಯ ಸಮರ್ಥಿಸುವುದು. ಹೀಗೆ ಇಳಿಸುವಾಗ ಕೆಲವು ಸೂಕ್ಷ್ಮಗಳು ಹೋಗುತ್ತವೆ, ಇತಿಹಾಸದ ಆಕರಗಳನ್ನು ಪರಿಶೀಲಿಸುವ ಸಾಮರ್ಥ್ಯ ಪ್ರತ್ಯೇಕ ಸಾಲಾಗದೆ ಕೊನೆಯದರೊಳಗೆ ಸೇರಿಹೋಯಿತು. ಆದರೂ ಇಬ್ಬರು ಶಿಕ್ಷಕರು ಒಂದೇ ಪ್ರಶ್ನೆ ನೋಡಿ ಒಂದೇ ಹೆಸರು ಹೇಳುವಂತಿದ್ದರೆ ಮಾತ್ರ ಪಟ್ಟಿ ಕೆಲಸಕ್ಕೆ ಬರುತ್ತದೆ.

ಮೊದಲ ದಿನವೇ ಒಂದು ಪರೀಕ್ಷೆ ಇಟ್ಟುಕೊಂಡೆವು. ಪುಸ್ತಕದಲ್ಲೋ ಗೈಡಿನಲ್ಲೋ ಇರುವ ಸಾಲನ್ನು ಹಾಗೇ ಬರೆದರೆ ಪೂರ್ಣ ಅಂಕ ಸಿಗುವುದಾದರೆ ಅದು ಸ್ಮರಣೆಯ ಪ್ರಶ್ನೆ. ಪ್ರಶ್ನೆಯಲ್ಲಿ ‘ಏಕೆ’ ಇರಲಿ, ‘ವಿಶ್ಲೇಷಿಸಿ’ ಇರಲಿ, ‘ಹೋಲಿಸಿ’ ಇರಲಿ, ಲೆಕ್ಕಕ್ಕಿಲ್ಲ. ನಾಲ್ಕು ಸಾಲನ್ನು ಇಲ್ಲಿ ಕೊಡುತ್ತೇನೆ.

| ಪ್ರಶ್ನೆ | ನೀಲನಕ್ಷೆಯಲ್ಲಿ ಇದ್ದದ್ದು | ಮಗು ಮಾಡಬೇಕಾದ ಕೆಲಸ | ನಾವು ಬರೆದದ್ದು |
|---|---|---|---|
| ಪಶ್ಚಿಮ ಘಟ್ಟದ ಪೂರ್ವಕ್ಕೆ ಮಳೆ ಕಡಿಮೆ. ಏಕೆ? | ಅನ್ವಯ | ‘ಮಳೆ ನೆರಳಿನ ಪ್ರದೇಶ’ ಎಂದು ನೆನಪಿಸಿಕೊಳ್ಳುವುದು | ಸ್ಮರಣೆ |
| ಮಲೆನಾಡು ಮತ್ತು ಬಯಲುಸೀಮೆ ಹೋಲಿಸಿ | ತಿಳುವಳಿಕೆ | ನೋಟ್ಸಿನಲ್ಲಿ ಬರೆಸಿದ ಎರಡು ಕಾಲಂ ಮತ್ತೆ ಬರೆಯುವುದು | ಸ್ಮರಣೆ |
| ಕರ್ನಾಟಕದ ನಕ್ಷೆಯಲ್ಲಿ ಆಗುಂಬೆ ಗುರುತಿಸಿ | ಕೌಶಲ | ಚುಕ್ಕೆಯ ಜಾಗ ನೆನಪಿಡುವುದು | ಸ್ಮರಣೆ |
| ಎರಡು ಊರಿನ ಮಳೆ ಕೋಷ್ಟಕ ನೋಡಿ ಮಲೆನಾಡಿನ ಊರು ಯಾವುದೆಂದು ಹೇಳಿ | ಅನ್ವಯ | ಅಂಕಿ ಓದಿ, ಹೋಲಿಸಿ, ಕಾರಣ ಕೊಡುವುದು | ಅಂಕಿಅಂಶ ಓದುವುದು |

ಮೂರನೇ ಸಾಲಿನ ಬಗ್ಗೆ ಸಾಕಷ್ಟು ಚರ್ಚೆ ಆಯಿತು. ಎಸ್ಸೆಸ್ಸೆಲ್ಸಿಯ 80 ಅಂಕದ ಲಿಖಿತ ಪತ್ರಿಕೆಯಲ್ಲಿ ಭಾರತದ ನಕ್ಷೆಗೆ 5 ಅಂಕವಿದೆ. ಹತ್ತನೇ ತರಗತಿಯವರು ಅದನ್ನು ಕೈಗೆ ಸಿಕ್ಕ ಅಂಕವೆಂದೇ ನೋಡುತ್ತಾರೆ. ಸರ್ ಹೇಳಿದ್ದು ಹೀಗೆ: “ನಕ್ಷೆ ವಿಷ್ಯ ನನಗೆ ಬಿಡಿ ಮೇಡಂ. ಡಿಸೆಂಬರ್‌ನಿಂದ ದಿನಾ ಬರೆಸ್ತೀನಿ. ತೀರಾ ಓದದ ಹುಡುಗನೂ ನಾಲ್ಕು ಅಂಕ ತಗೊಂಡೇ ತಗೋತಾನೆ.” ಅವರ ಮಾತಿನಲ್ಲಿ ಸತ್ಯವಿದೆ, ಆ ಐದು ಅಂಕ ಎಷ್ಟೋ ಮಕ್ಕಳನ್ನು ದಡ ಸೇರಿಸಿದೆ. ಆದರೆ ಖಾಲಿ ನಕ್ಷೆಯಲ್ಲಿ ಚುಕ್ಕೆ ಇಡುವುದು ಬೇರೆ, ಮಳೆ ಹಂಚಿಕೆಯ ನಕ್ಷೆ ನೋಡಿ ಯಾವ ಕಡೆಯಿಂದ ಯಾವ ಕಡೆಗೆ ಮಳೆ ಇಳಿಯುತ್ತಾ ಹೋಗುತ್ತದೆ ಎಂದು ಹೇಳುವುದು ಬೇರೆ. ಮೊದಲನೆಯದಕ್ಕೆ ಬಹುಮಾನ ಸಿಗುತ್ತದೆ ಎಂಬ ಕಾರಣಕ್ಕೆ ಎರಡನೆಯದೂ ಬಂತೆಂದು ನಮ್ಮ ದಾಖಲೆಗಳು ಹೇಳುತ್ತಿದ್ದವು. ಅಷ್ಟು ಚರ್ಚೆಯಾದ ಮೇಲೆ ಸರ್ ಅದನ್ನು ತಾವೇ ‘ಸ್ಮರಣೆ’ ಎಂದು ಬರೆದರು.

ಸಾಲುಗಳೆಲ್ಲ ಮುಗಿದಾಗ ಪಟ್ಟಿಯ ಬಹುಪಾಲು ‘ಸ್ಮರಣೆ’ಯಲ್ಲೇ ಗುಂಪುಗೂಡಿತ್ತು. ಕಾರಣ ಮತ್ತು ಪರಿಣಾಮಕ್ಕೆ ಅಲ್ಲೊಂದು ಇಲ್ಲೊಂದು. ಅಂಕಿಅಂಶ ಓದುವುದಕ್ಕೆ ಮೊದಲ ಅವಧಿಯಿಡೀ ಇದ್ದದ್ದು ಆ ಮೂರು ಅಂಕದ ಪ್ರಶ್ನೆ ಒಂದೇ. ಮಕ್ಕಳು ಆ ಬಗೆಯ ಕೆಲಸವನ್ನು ಮೊದಲ ಸಲ ಮಾಡಿದ್ದೇ ಪರೀಕ್ಷೆಯ ಕೋಣೆಯಲ್ಲಿ.

ಚಟುವಟಿಕೆಯ ಅಂಕ ಎಲ್ಲಿಂದ ಬಂತು

ಹಾಗಾದರೆ ರೂಪಣಾತ್ಮಕ ದಾಖಲೆಯ ಪೂರ್ಣ ಅಂಕ? ಮೇಡಂ ಆ ಚಟುವಟಿಕೆಯ ಫೈಲುಗಳನ್ನು ತಂದು ಮುಂದಿಟ್ಟರು. ಬಣ್ಣ ತುಂಬಿದ ಕರ್ನಾಟಕದ ನಕ್ಷೆ, ಅಂಟಿಸಿದ ಚಿತ್ರಗಳು, ಮಳೆಯ ಪ್ರಮಾಣದ ಒಂದು ಸ್ತಂಭನಕ್ಷೆ. ಫೈಲುಗಳು ಚೆನ್ನಾಗಿದ್ದವು. ಆದರೆ ಹತ್ತಾರು ಫೈಲುಗಳಲ್ಲಿ ಸ್ತಂಭನಕ್ಷೆ ಒಂದೇ ಅಳತೆಯದು, ಒಂದೇ ಊರಿನದು, ಒಂದೇ ಕಡೆ ಮಾಡಿದ ತಪ್ಪೂ ಸಹ ಎಲ್ಲದರಲ್ಲೂ ಇತ್ತು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಒಂದು ಮಾದರಿಯಿಂದ ಮಕ್ಕಳು ನಕಲು ಮಾಡಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. ಸೂಚನೆಯಲ್ಲಿ ‘ಸ್ತಂಭನಕ್ಷೆ ರಚಿಸಿ’ ಎಂದಿತ್ತೇ ಹೊರತು ಅದನ್ನು ನೋಡಿ ಏನು ಹೇಳಬೇಕು ಎಂದು ಇರಲಿಲ್ಲ.

ಇದನ್ನು ಪತ್ತೆಹಚ್ಚಲು ಫೈಲು ತೆರೆಯಲೇಬೇಕೆಂದೇನಿಲ್ಲ, ಅಂಕಪಟ್ಟಿಯಲ್ಲೇ ಒಂದು ಸುಳಿವು ಇರುತ್ತದೆ. ಚಟುವಟಿಕೆಯ ಅಂಕಗಳಲ್ಲಿ ಏರುಪೇರು ಇರದೆ ಎಲ್ಲವೂ ಮೇಲ್ತುದಿಗೆ ಅಂಟಿಕೊಂಡಿದ್ದು, ಅದೇ ಸಾಮರ್ಥ್ಯದ ಲಿಖಿತ ಪ್ರಶ್ನೆಯಲ್ಲಿ ಮಕ್ಕಳು ಎರಡು ಭಾಗವಾಗಿ ಒಡೆದುಹೋಗಿದ್ದರೆ, ಚಟುವಟಿಕೆ ಆ ಸಾಮರ್ಥ್ಯವನ್ನು ಅಳೆದಿಲ್ಲ ಎಂದೇ ಅರ್ಥ. ಆದ್ದರಿಂದ ಹೊಸ ಪಟ್ಟಿಗೆ ಒಂದು ನಿಯಮ ಸೇರಿಸಿದೆವು. ಮನೆಯೊಳಗೆ ಟಿಕ್ ಹಾಕುವಂತಿಲ್ಲ. ಅಲ್ಲಿ ಒಂದು ನಿರ್ದಿಷ್ಟ ಪ್ರಶ್ನೆಯ ಸಂಖ್ಯೆಯನ್ನೋ, ತರಗತಿಯಲ್ಲಿ ಮಗು ತನ್ನ ಕೈಯಿಂದ ಬರೆದ ಒಂದು ಹಾಳೆಯ ಹೆಸರನ್ನೋ ಬರೆಯಬೇಕು. ಬರೆಯಲು ಏನೂ ಇಲ್ಲದಿದ್ದರೆ ಮನೆ ಖಾಲಿ ಇರಲಿ.

ಪುಸ್ತಕದ ಕ್ರಮ, ಅವಧಿಯ ಗೆರೆ

ಪಠ್ಯಪುಸ್ತಕ ಎರಡು ಭಾಗಗಳಲ್ಲಿದೆ. ಪ್ರತಿ ಭಾಗದಲ್ಲೂ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಬೇರೆ ಬೇರೆ ವಿಭಾಗಗಳಾಗಿ ಬರುತ್ತವೆ. ಜ್ಞಾನಶಾಖೆಯ ಪ್ರಕಾರ ಇದು ಸರಿಯೇ. ಆದರೆ ಸಾಮರ್ಥ್ಯ ಈ ವಿಭಾಗಗಳನ್ನು ಹಾದುಹೋಗುತ್ತದೆ. ಅಂಕಿಅಂಶ ಓದುವುದನ್ನೇ ತೆಗೆದುಕೊಳ್ಳಿ: ಭೂಗೋಳದ ವಾಯುಗುಣದಲ್ಲಿ ಶುರುವಾಗಿ, ಅರ್ಥಶಾಸ್ತ್ರದ ಮಾನವ ಸಂಪನ್ಮೂಲ, ಬಡತನ, ಶ್ರಮ ಮತ್ತು ಉದ್ಯೋಗದ ಪಾಠಗಳನ್ನು ದಾಟಿ, ಭೂಗೋಳದ ಕೊನೆಯಲ್ಲಿರುವ ಕರ್ನಾಟಕದ ಜನಸಂಖ್ಯೆಗೆ ಹೋಗಿ ನಿಲ್ಲುತ್ತದೆ. ಮಗು ಇದನ್ನು ಮೊದಲು ಎಲ್ಲಿ ನೋಡುತ್ತದೆ, ಎಲ್ಲಿ ಅಭ್ಯಾಸ ಮಾಡುತ್ತದೆ, ಎಲ್ಲಿ ಪರೀಕ್ಷೆ ಎದುರಿಸುತ್ತದೆ ಎಂಬ ಮೂರು ಬಿಂದುಗಳನ್ನು ಒಂದೇ ಗೆರೆಯಲ್ಲಿ ಗುರುತಿಸಬೇಕು. ಮೂರೂ ಬೇರೆ ಬೇರೆ ತಾರೀಖಿನಲ್ಲಿರಬೇಕು, ಈ ಕ್ರಮದಲ್ಲೇ ಇರಬೇಕು.

ಪಾಠಗಳನ್ನೇ ಹಿಂದೆ ಮುಂದೆ ಮಾಡಿದರೆ ಆಗದೇ ಎಂದು ಮೇಡಂ ಕೇಳಿದರು. ಒಂದು ಅವಧಿಯೊಳಗೆ ಆಗುತ್ತದೆ. ಸಂಕಲನಾತ್ಮಕ ಪರೀಕ್ಷೆಯ ಗೆರೆ ದಾಟಿಸಲು ಆಗುವುದಿಲ್ಲ, ಏಕೆಂದರೆ ಆ ಪ್ರಶ್ನೆಪತ್ರಿಕೆ ಶಾಲೆಯ ಕೈಯಲ್ಲಿಲ್ಲ, ಸುತ್ತಲಿನ ಶಾಲೆಗಳಿಗೆಲ್ಲ ಒಂದೇ. ವಾಯುಗುಣವನ್ನು ನವೆಂಬರ್‌ಗೆ ತಳ್ಳಿದರೆ ಮಕ್ಕಳಿಗೆ ಸೆಪ್ಟೆಂಬರ್‌ನಲ್ಲಿ ಅಂಕ ಹೋಗುತ್ತದೆ. ಹಾಗಾಗಿ ನಮಗೆ ಉಳಿದ ಜಾಗ ರೂಪಣಾತ್ಮಕ ಮೌಲ್ಯಮಾಪನ ಮತ್ತು ತರಗತಿಯ ಅವಧಿಗಳು. ಅವುಗಳಲ್ಲಿ ಏನು ಕೇಳಬೇಕೆಂಬುದು ಶಿಕ್ಷಕರ ಕೈಯಲ್ಲೇ ಇದೆ, ಸಾಕಷ್ಟು ದೊಡ್ಡ ಜಾಗ ಅದು.

ಎರಡನೇ ಅವಧಿ ಆಗಲೇ ಶುರುವಾಗಿತ್ತು. ಆ ವರ್ಷದ ಮಕ್ಕಳಿಗೆ ಉಳಿದಿದ್ದ ಒಂದೇ ಒಳ್ಳೆಯ ಅವಕಾಶ ಜನಸಂಖ್ಯೆಯ ಪಾಠ. ಅದಕ್ಕೆ ಮೇಡಂ ಸಿದ್ಧಪಡಿಸಿದ ಪ್ರಶ್ನೆಯಲ್ಲಿ ನಾಲ್ಕೇ ಅಂಕಿಗಳಿದ್ದವು. 2001ರಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562, 2011ರಲ್ಲಿ 6,10,95,297. ಚಿಕ್ಕಮಗಳೂರು ಜಿಲ್ಲೆಯದು 2001ರಲ್ಲಿ 11,40,905, 2011ರಲ್ಲಿ 11,37,961. ರಾಜ್ಯದಲ್ಲಿ ಏನಾಗಿದೆ, ಜಿಲ್ಲೆಯಲ್ಲಿ ಏನಾಗಿದೆ? ಇರಬಹುದಾದ ಎರಡು ಕಾರಣ ಹೇಳಿ. ನಿಮ್ಮ ಕಾರಣ ಸರಿಯೇ ಎಂದು ನೋಡಲು ಇನ್ನೂ ಯಾವ ಮಾಹಿತಿ ಬೇಕು?

ಮೊದಲು ಓದಿದಾಗ ಹಲವರು ಜಿಲ್ಲೆಯ ಜನಸಂಖ್ಯೆಯೂ ಹೆಚ್ಚಾಗಿದೆ ಎಂದೇ ಬರೆದರು. ಜನಸಂಖ್ಯೆ ಎಂದರೆ ಏರುವುದೇ ಎಂದು ಪಾಠ ಓದಿ ಮನಸ್ಸಿನಲ್ಲಿ ಕೂತುಬಿಟ್ಟಿದೆ, ಕಣ್ಣು ಅಂಕಿಯ ಮೇಲೆ ನಿಲ್ಲುವುದೇ ಇಲ್ಲ. ಕಳೆದು ನೋಡಿ ಎಂದಾಗ ಜಿಲ್ಲೆಯಲ್ಲಿ 2,944 ಜನ ಕಡಿಮೆಯಾಗಿರುವುದು ಕಂಡಿತು. ರಾಜ್ಯ ಶೇ. 15.6ರಷ್ಟು ಬೆಳೆದ ಅದೇ ಹತ್ತು ವರ್ಷದಲ್ಲಿ ತಮ್ಮ ಜಿಲ್ಲೆ ಇಳಿದಿದೆ ಎಂದು ತಿಳಿದಾಗ ತರಗತಿ ಎಚ್ಚರವಾಯಿತು. ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾರೆ, ಮನೆಗಳಲ್ಲಿ ಮಕ್ಕಳು ಕಡಿಮೆ, ತೋಟಕ್ಕೆ ಬಂದು ನೆಲೆಸುವವರು ನಿಂತಿದ್ದಾರೆ ಎಂದೆಲ್ಲ ಕಾರಣಗಳು ಬಂದವು. ಮೂರನೇ ಭಾಗಕ್ಕೆ ಒಬ್ಬ ಹುಡುಗಿ ಉತ್ತರ ಬರೆಯುವ ಬದಲು ಎದ್ದುನಿಂತು ಕೇಳಿದಳಂತೆ: “ಜನಗಣತಿ ಯಾವ ತಿಂಗಳಲ್ಲಿ ಮಾಡಿದ್ದು ಮೇಡಂ? ಕಾಫಿ ಕುಯ್ಲಿನ ಟೈಮಲ್ಲಾದ್ರೆ ಹೊರಗಿನೋರು ಸುಮಾರು ಜನ ಇಲ್ಲೇ ಇರ್ತಾರಲ್ವಾ?” 2011ರ ಜನಗಣತಿಯ ಎಣಿಕೆ ಫೆಬ್ರವರಿಯಲ್ಲೇ ನಡೆದಿತ್ತು, ಕುಯ್ಲು ಇನ್ನೂ ಮುಗಿಯದ ಕಾಲ. ಅಂಕಿಯನ್ನು ಯಾರು, ಯಾವಾಗ, ಹೇಗೆ ಎಣಿಸಿದರು ಎಂದು ಕೇಳುವುದಕ್ಕಿಂತ ಮೇಲಿನ ಸಾಮರ್ಥ್ಯವನ್ನು ಒಂಬತ್ತನೇ ತರಗತಿಯಿಂದ ನಾನು ಬಯಸುವುದಿಲ್ಲ. ನಾವು ತಯಾರಿಸಿದ್ದ ಅಂಕ ಹಂಚಿಕೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಮೇಡಂ ಅಲ್ಲೇ ಒಂದು ಸಾಲು ಸೇರಿಸಿಕೊಂಡರು.

ಜೂನ್‌ನಲ್ಲಿ ಮತ್ತೆ ಮೊದಲಿನಿಂದ

ಮುಂದಿನ ಜೂನ್‌ನಲ್ಲಿ ಹೊಸ ಒಂಬತ್ತನೇ ತರಗತಿ. ಈಗ ವಾಯುಗುಣದ ಪಾಠವನ್ನೇ ಕೈಗೆತ್ತಿಕೊಂಡರು. ಆರು ಅವಧಿಯ ಪಾಠ ಅದು. ಹಿಂದಿನ ವರ್ಷ ಐದು ಅವಧಿ ಓದಿ ವಿವರಿಸುವುದಕ್ಕೆ, ಒಂದು ಅವಧಿ ಚಟುವಟಿಕೆಗೆ ಎಂದಿತ್ತು. ಈಗ ಎರಡು ಅವಧಿ ವಿವರಣೆ, ಎರಡು ಅವಧಿ ಮಳೆಯ ಕೋಷ್ಟಕ, ಒಂದು ನಕ್ಷೆ, ಒಂದು ಬರವಣಿಗೆ.

ಕೋಷ್ಟಕಕ್ಕೆ ಅಂಕಿ ಎಲ್ಲಿಂದ? ನಮ್ಮ ಕಡೆ ಅದಕ್ಕೆ ದೂರ ಹೋಗಬೇಕಿಲ್ಲ. ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ, ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ಇದೆ. ಹೂಮಳೆ ಯಾವತ್ತು ಎಷ್ಟು ಬಿತ್ತು ಎನ್ನುವುದರ ಮೇಲೆ ಮುಂದಿನ ಫಸಲು ನಿಂತಿರುವಾಗ ಆ ಪುಸ್ತಕವನ್ನು ಯಾರೂ ಉದಾಸೀನ ಮಾಡುವುದಿಲ್ಲ. ಎಸ್‌ಡಿಎಂಸಿ ಸದಸ್ಯರೊಬ್ಬರು ತಮ್ಮ ತೋಟದ ಹಿಂದಿನ ವರ್ಷದ ಪುಸ್ತಕ ಕೊಟ್ಟರು. ಕಡೂರು ಕಡೆಯ ಒಂದು ಹೋಬಳಿಯ ಅಂಕಿಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವಿವರಗಳಿಂದ ತೆಗೆದುಕೊಂಡರು. ಒಂದೇ ಜಿಲ್ಲೆಯೊಳಗೆ ಮೂಡಿಗೆರೆ ಕಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ, ಕಡೂರು ಕಡೆ ಅದರ ಮೂರನೇ ಒಂದು ಭಾಗದ ಆಸುಪಾಸು. ಇಂಥ ಇಳಿಜಾರು ಕಣ್ಣೆದುರಿಗೇ ಇರುವ ಜಿಲ್ಲೆಯಲ್ಲಿ ಮಳೆ ನೆರಳಿನ ಪಾಠಕ್ಕೆ ಬೇರೆ ಉದಾಹರಣೆ ಏಕೆ ಬೇಕು? ಹಾಸನದವರಿಗೂ ಸಕಲೇಶಪುರ ಮತ್ತು ಅರಸೀಕೆರೆ ಇವೆ.

ತೊಡಕು ಬಂದದ್ದು ಅಳತೆಯಲ್ಲಿ. ತೋಟದ ಪುಸ್ತಕ ಇಂಚು ಮತ್ತು ಸೆಂಟ್ಸ್ ಲೆಕ್ಕದ್ದು, ಪಠ್ಯಪುಸ್ತಕ ಸೆಂಟಿಮೀಟರು, ಸರ್ಕಾರಿ ವಿವರ ಮಿಲಿಮೀಟರು. ಒಂದು ಇಂಚಿಗೆ ನೂರು ಸೆಂಟ್ಸ್, ಒಂದು ಇಂಚು ಎಂದರೆ 25.4 ಮಿ.ಮೀ. 3.20 ಎಂದು ಬರೆದಿದ್ದರೆ 3 ಇಂಚು 20 ಸೆಂಟ್ಸ್, ಅಂದರೆ 81 ಮಿ.ಮೀ. ಮಕ್ಕಳು ಇಷ್ಟನ್ನು ಬೇಗ ಹಿಡಿದರು. ಎಡವಿದ್ದು ಸಣ್ಣ ಮಳೆಯಲ್ಲಿ. 8 ಸೆಂಟ್ಸ್ ಎಂದಿದ್ದನ್ನು ಒಂದು ಗುಂಪು 0.08 ಎನ್ನುವ ಬದಲು 0.8 ಎಂದು ಬರೆದುಕೊಂಡಿತು. 2 ಮಿ.ಮೀ. ಮಳೆ 20 ಮಿ.ಮೀ. ಆಯಿತು. ಅದು ಸಿಕ್ಕಿಬಿದ್ದದ್ದು ಹೇಗೆಂದರೆ, ಆ ಗುಂಪಿನ ಕೋಷ್ಟಕದಲ್ಲಿ ಫೆಬ್ರವರಿಯ ಮಳೆ ಪಕ್ಕದ ಗುಂಪಿಗಿಂತ ಬಹಳ ಜಾಸ್ತಿ ಬಂತು. ತೋಟದ ಕೆಲಸಕ್ಕೆ ಹೋಗುವ ಮನೆಯ ಹುಡುಗನೊಬ್ಬ “ಫೆಬ್ರವರೀಲಿ ಇಷ್ಟು ಮಳೆ ಬಿದ್ದಿದ್ರೆ ಕಣದಲ್ಲಿದ್ದ ಕಾಫಿ ಒಣಗ್ತಾನೇ ಇರ್ಲಿಲ್ಲ” ಎಂದ. ತಿಂಗಳ ಕೊನೆಯ ದಿನದ ಮಳೆಯನ್ನು ಮರುದಿನ ಬೆಳಿಗ್ಗೆ ಅಳೆಯುವುದರಿಂದ ಅದು ಮುಂದಿನ ತಿಂಗಳಿಗೆ ಸೇರುತ್ತದೆ ಎಂಬ ವಿಷಯವೂ ಹೀಗೇ ಚರ್ಚೆಯಲ್ಲಿ ಹೊರಬಂತು.

ಆಮೇಲೆ ಪರೀಕ್ಷೆಯ ಪ್ರಶ್ನೆ. ಊರಿನ ಹೆಸರು ತೆಗೆದು ‘ಅ’, ‘ಆ’ ಎಂದಷ್ಟೇ ಬರೆದ ಎರಡು ಕೋಷ್ಟಕ, ನಾಲ್ಕು ಅಂಕ. ಊರು ಯಾವ ಪ್ರದೇಶದ್ದೆಂದು ಹೇಳಿದರೆ ಒಂದು, ಅದಕ್ಕೆ ಕೋಷ್ಟಕದಿಂದ ಅಂಕಿ ಎತ್ತಿ ತೋರಿಸಿದರೆ ಒಂದು, ಕಾರಣಕ್ಕೆ ಒಂದು, ಈ ಕೋಷ್ಟಕದಿಂದ ಹೇಳಲಾಗದ ಒಂದು ವಿಷಯ ಬರೆದರೆ ಒಂದು. ಹತ್ತು ಉತ್ತರಪತ್ರಿಕೆಗಳನ್ನು ಮೇಡಂ ಮತ್ತು ಸರ್ ಬೇರೆ ಬೇರೆಯಾಗಿ ತಿದ್ದಿ ಆಮೇಲೆ ಪಕ್ಕಪಕ್ಕ ಇಟ್ಟರು. ಹೆಚ್ಚಿನ ವ್ಯತ್ಯಾಸ ಬಂದದ್ದು ಒಂದೇ ಬಗೆಯ ಉತ್ತರದಲ್ಲಿ: ‘ಅ ಮಲೆನಾಡು, ಏಕೆಂದರೆ ಮಲೆನಾಡಿನಲ್ಲಿ ಮಳೆ ಹೆಚ್ಚು.’ ಸರ್ ಇದಕ್ಕೆ ಕಾರಣದ ಅಂಕ ಕೊಟ್ಟಿದ್ದರು, ಮೇಡಂ ಕೊಟ್ಟಿರಲಿಲ್ಲ. ಆ ವಾಕ್ಯ ತನ್ನನ್ನು ತಾನೇ ಸುತ್ತುತ್ತದೆ, ಘಟ್ಟಕ್ಕೆ ಗಾಳಿ ಬಡಿಯುವುದರ ಮಾತಿಲ್ಲ, ಅಂಕಿಯೂ ಇಲ್ಲ. ಕೊಡಬಾರದೆಂದು ತೀರ್ಮಾನವಾಯಿತು. ಅದರ ಎದುರಿಗೆ ಇನ್ನೊಬ್ಬ ಹುಡುಗ ಬರೆದದ್ದನ್ನು ನೋಡಿ: ‘“ಅ” ಊರಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದ ಮಳೆ “ಆ” ಊರಿನ ಇಡೀ ವರ್ಷದ ಮಳೆಗಿಂತ ಜಾಸ್ತಿ.’ ಕಾಗುಣಿತ ಎರಡು ಕಡೆ ತಪ್ಪಿತ್ತು. ಅಂಕಿ ಓದುವುದೆಂದರೆ ಇದೇ. ಇಬ್ಬರು ಸೇರಿ ಹತ್ತು ಪತ್ರಿಕೆ ತಿದ್ದುವ ಈ ಅರ್ಧ ಗಂಟೆಯನ್ನು ಯಾವ ಶಾಲೆಯೂ ಉಳಿಸಲು ಹೋಗಬಾರದು. ಅಂಕ ಕೊಡುವವರ ಮನಸ್ಸಿನಲ್ಲಿ ಸಾಮರ್ಥ್ಯದ ಅರ್ಥ ಬೇರೆ ಬೇರೆಯಾಗಿದ್ದರೆ ಪಟ್ಟಿ ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ.

ಮಳೆ ರಜೆಯ ಲೆಕ್ಕ

ವಾರಕ್ಕೆ ಆರು ಅವಧಿಯಂತೆ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಕಾಗದದ ಮೇಲೆ ನೂರರಷ್ಟು ಅವಧಿ ಸಿಗುತ್ತವೆ. ಹಬ್ಬ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಪರೀಕ್ಷೆಯ ದಿನಗಳು ಹೋಗಿ, ಜುಲೈ ಆಗಸ್ಟ್‌ನಲ್ಲಿ ಜಿಲ್ಲಾಡಳಿತ ಘೋಷಿಸುವ ಮಳೆ ರಜೆಯೂ ಹೋದರೆ ಮುಕ್ಕಾಲು ಪಾಲು ಕೈಗೆ ಸಿಕ್ಕರೆ ಹೆಚ್ಚು. ಮಲೆನಾಡಿನ ಶಾಲೆಗೆ ಇದು ಪ್ರತಿ ವರ್ಷ ಗೊತ್ತಿರುವ ಸಂಗತಿ. ಗಮನಿಸಬೇಕಾದದ್ದು, ದಿನ ಕಡಿಮೆಯಾದಾಗ ಮೊದಲು ಬಿದ್ದುಹೋಗುವುದು ಯಾವುದು ಎಂಬುದು. ಹಿಂದಿನ ವರ್ಷದ ದಿನಚರಿ ತೆಗೆದು ನೋಡಿದರೆ ಪ್ರತಿ ಸಲವೂ ಚಟುವಟಿಕೆಯ ಅವಧಿಯೇ ಹೋಗಿತ್ತು. ವಿವರಣೆಯ ಅವಧಿ ಉಳಿದುಕೊಂಡಿತ್ತು, ಪಾಠ ‘ಪೂರ್ಣ’ ಎಂದು ದಾಖಲಾಗಿತ್ತು. ಕಲಿಕೆಯ ಒಂದು ಎಳೆ ಇಡೀ ಅವಧಿಯಿಂದ ಮಾಯವಾದರೂ ದಾಖಲೆಯಲ್ಲಿ ಗೀರು ಬೀಳುವುದಿಲ್ಲ.

ಅದಕ್ಕೆ ಹೊಸ ಪಟ್ಟಿಯಲ್ಲಿ ಪ್ರತಿ ಪಾಠದ ಮುಂದೆ, ಎರಡು ಅವಧಿ ಕಡಿಮೆಯಾದರೆ ಯಾವುದನ್ನು ಬಿಡುವುದು ಎಂದು ಜೂನ್ ಮೊದಲ ವಾರದಲ್ಲೇ ಬರೆದಿಟ್ಟರು. ವಾಯುಗುಣದಲ್ಲಿ ವಿವರಣೆಯ ಒಂದು ಅವಧಿ ಬಿಡುವುದು, ನಕ್ಷೆಯ ಅವಧಿಯನ್ನು ಕೋಷ್ಟಕದ ಎರಡನೇ ಅವಧಿಗೆ ಸೇರಿಸುವುದು. ಋತುಗಳ ಲಕ್ಷಣವನ್ನು ಮಕ್ಕಳು ಮನೆಯಲ್ಲಿ ಓದಿಕೊಳ್ಳಬಲ್ಲರು, ಗುಂಪಿನಲ್ಲಿ ಕೋಷ್ಟಕ ಕಟ್ಟುವುದನ್ನು ಮನೆಯಲ್ಲಿ ಮಾಡಲಾರರು. ಜುಲೈನಲ್ಲಿ ನಿಜವಾಗಿ ರಜೆ ಬಂದಾಗ ಮೇಡಂ ಇದನ್ನೇ ಮಾಡಿದರು. ವಿವರಣೆಯ ಭಾಗದಲ್ಲಿ ಕೆಲವು ಮಕ್ಕಳು ಹಿಂದೆ ಬಿದ್ದರು, ಅದನ್ನು ಪರೀಕ್ಷೆಗೆ ಮುಂಚಿನ ಪುನರಾವರ್ತನೆಯಲ್ಲಿ ಸರಿಮಾಡಬೇಕಾಯಿತು. ಈ ಬೆಲೆ ತೆರಲೇಬೇಕು, ಎರಡನ್ನೂ ಪೂರ್ತಿ ಉಳಿಸಿಕೊಳ್ಳುವ ದಾರಿ ಇರಲಿಲ್ಲ.

ಏನಾಯಿತು

ಆ ವರ್ಷದ ಸಂಕಲನಾತ್ಮಕ ಪತ್ರಿಕೆಯಲ್ಲಿ ಕೋಷ್ಟಕದ ಪ್ರಶ್ನೆ ಬರಲೇ ಇಲ್ಲ. ಹಾಗಾಗಿ ಹಿಂದಿನ ವರ್ಷದ ಮೂರು ಅಂಕದ ಎದುರು ಈ ವರ್ಷದ ಅಂಕವನ್ನು ಇಟ್ಟು ಪ್ರಗತಿ ತೋರಿಸಲು ಸಾಧ್ಯವಿಲ್ಲ. ಒಟ್ಟು ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೂ ಕಾಣಲಿಲ್ಲ, ಏಕೆಂದರೆ ಆ ಪತ್ರಿಕೆ ಹೆಚ್ಚಾಗಿ ಸ್ಮರಣೆಯನ್ನೇ ಕೇಳುತ್ತದೆ. ಇದನ್ನು ಮುಖ್ಯ ಶಿಕ್ಷಕರಿಗೆ ವಿವರಿಸುವುದು ಸುಲಭವಿರಲಿಲ್ಲ. ಮೇಡಂ ಅಂಕಪಟ್ಟಿಯ ಬದಲು ಮಕ್ಕಳ ಹಾಳೆಗಳನ್ನೇ ಅವರ ಮುಂದಿಟ್ಟರು: ಜೂನ್‌ನ ಹಾಳೆ, ಆಗಸ್ಟ್‌ನ ಹಾಳೆ, ಫೆಬ್ರವರಿಯ ಜನಸಂಖ್ಯೆಯ ಹಾಳೆ, ಒಂದೇ ಮಗುವಿನದು. ಖಾಲಿ ಬಿಡುವವರು ತೀರಾ ಕಡಿಮೆಯಾಗಿದ್ದರು. ಅಂಕಿ ಎತ್ತಿ ತೋರಿಸುವುದು ಹೆಚ್ಚಿನವರಿಗೆ ಬಂದಿತ್ತು. ಕಾರಣ ಜೋಡಿಸುವಲ್ಲಿ ಅರ್ಧದಷ್ಟು ಮಕ್ಕಳು ಇನ್ನೂ ತಡವರಿಸುತ್ತಿದ್ದರು, ‘ಈ ಕೋಷ್ಟಕದಿಂದ ಏನು ಹೇಳಲಾಗದು’ ಎಂಬ ಭಾಗ ಕೆಲವೇ ಮಕ್ಕಳಿಗೆ ದಕ್ಕಿತ್ತು.

ಹತ್ತನೇ ತರಗತಿಯ ಸರ್ ತಮ್ಮ ನಕ್ಷೆ ಅಭ್ಯಾಸವನ್ನು ನಿಲ್ಲಿಸಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಆದರೆ ಭಾರತದ ವಾಯುಗುಣದ ಪಾಠಕ್ಕೆ ಅವರೂ ಹೆಸರಿಲ್ಲದ ಕೋಷ್ಟಕವೊಂದನ್ನು ತಯಾರಿಸಿದ್ದಾರೆ. ಒಂಬತ್ತರಲ್ಲಿ ಶುರುವಾದ ಗೆರೆ ಹತ್ತಕ್ಕೆ ದಾಟಿದ್ದು ಅಲ್ಲಿ.

ಪಟ್ಟಿಯಲ್ಲಿ ಇನ್ನೂ ಖಾಲಿ ಇರುವ ಮನೆಗಳಿವೆ. ಅವುಗಳಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಅರ್ಥಶಾಸ್ತ್ರದ ‘ಶ್ರಮ ಮತ್ತು ಉದ್ಯೋಗ’ದ ಸಾಲು. ಆ ಪಾಠ ಬರುವುದು ಕಾಫಿ ಕುಯ್ಲಿನ ತಿಂಗಳುಗಳಲ್ಲಿ. ಕೂಲಿ ಮನೆಗಳ ಕೆಲವು ಮಕ್ಕಳು ಆಗ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಯಾರ ಬದುಕಿನ ಬಗ್ಗೆ ಆ ಪಾಠ ಇದೆಯೋ ಆ ಮಕ್ಕಳೇ ತರಗತಿಯಲ್ಲಿ ಇರುವುದಿಲ್ಲ. ಪಾಠ ಎರಡನೇ ಅವಧಿಯದು, ದಸರಾಕ್ಕೆ ಮುಂಚೆ ತರಲಾಗದು. ಅವಧಿಯೊಳಗೆ ಸರಿಸಬಹುದು. ಈ ವರ್ಷ ಮೇಡಂ ಅದನ್ನು ರಜೆ ಮುಗಿದ ಮೊದಲ ವಾರಗಳಿಗೆ, ಕುಯ್ಲು ಜೋರಾಗುವ ಮುಂಚೆಗೆ ತಂದಿದ್ದಾರೆ, ಮೂರನೇ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಅದಕ್ಕೊಂದು ಕೋಷ್ಟಕದ ಪ್ರಶ್ನೆ ಇಟ್ಟಿದ್ದಾರೆ. ಮಕ್ಕಳ ಮನೆಯ ಕೂಲಿಯ ವಿವರ ಕೇಳಬಾರದು ಎಂದು ಮೊದಲೇ ಗೆರೆ ಎಳೆದುಕೊಂಡು, ಕೇವಲ ತಿಂಗಳವಾರು ಎಷ್ಟು ದಿನ ಕೆಲಸ ಸಿಗುತ್ತದೆ ಎಂಬ ಒಂದು ಕಲ್ಪಿತ ಕುಟುಂಬದ ಕೋಷ್ಟಕ ಬರೆದಿದ್ದಾರೆ. ಉತ್ತರಪತ್ರಿಕೆಗಳು ಡಿಸೆಂಬರ್‌ನಲ್ಲಿ ಬರುತ್ತವೆ.